ಸಲಹೆಯೊಳಗಿನ ಸಂಭಾವನೆ: ಆರೋಗ್ಯ ತರಬೇತುದಾರರ ಜಾಲತಾಣ ಪ್ರಚಾರ ಮತ್ತು ಪ್ರಕಟಣೆಯ ಹೊಣೆ

ವರ್ಷಾಂತ್ಯದ ಲೆಕ್ಕಪತ್ರಗಳನ್ನು ಹೊಂದಿಸುತ್ತಿದ್ದಾಗ ಕಕ್ಷಿದಾರರೊಬ್ಬರ ಬ್ಯಾಂಕ್ ಖಾತೆಯಲ್ಲಿ ಒಂದೇ ಸಂಸ್ಥೆಯಿಂದ ತಿಂಗಳು ತಿಂಗಳೂ ಸಣ್ಣ ಮೊತ್ತಗಳು ಜಮೆಯಾಗಿರುವುದು ಕಣ್ಣಿಗೆ ಬಿತ್ತು. ಆಕೆ ನಮ್ಮ ಭಾಗದ ಯೋಗ ಮತ್ತು ಆಹಾರ ತರಬೇತುದಾರರು. ಜಾಲತಾಣದಲ್ಲಿ ಅವರ ಕನ್ನಡ ವಿಡಿಯೋಗಳಿಗೆ ಸಾವಿರಾರು ಮಂದಿ ವೀಕ್ಷಕರಿದ್ದಾರೆ. ಜಮೆಯ ವಿವರ ಕೇಳಿದಾಗ, "ಅದು ಪುಡಿಯ ಕಮಿಷನ್ ಸರ್, ನನ್ನ ಕೋಡ್ ಹಾಕಿ ಕೊಂಡರೆ ಡಬ್ಬಿಗೆ ಎಂಬತ್ತು ರೂಪಾಯಿ ಬರುತ್ತದೆ" ಎಂದರು. ಈ ವಿಷಯ ನಿಮ್ಮ ವೀಕ್ಷಕರಿಗೆ ತಿಳಿದಿದೆಯೇ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಳಿಕ ತಮ್ಮ ಮೊಬೈಲಿನಲ್ಲಿದ್ದ ಸಂದೇಶವೊಂದನ್ನು ತೋರಿಸಿದರು. ಅವರ ವಿಡಿಯೋ ನೋಡಿದ ನಿವೃತ್ತ ನೌಕರರೊಬ್ಬರು ವೈದ್ಯರು ಕೊಟ್ಟ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನಿಲ್ಲಿಸಿ ಆ ಪುಡಿಯನ್ನೇ ನಂಬಿಕೊಂಡಿದ್ದರು. ಎರಡು ತಿಂಗಳಲ್ಲಿ ಆಸ್ಪತ್ರೆ ಸೇರಬೇಕಾಯಿತು. ಸಂದೇಶ ಬರೆದವರು ಅವರ ಮಗಳು. "ನೀವು ಹೇಳಿದ್ದಕ್ಕೇ ಅಪ್ಪ ನಂಬಿದರು" ಎಂಬುದಷ್ಟೇ ಅದರಲ್ಲಿದ್ದ ದೂರು.

ಈ ಪ್ರಕರಣದಲ್ಲಿ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿ ಇಲ್ಲಿ ಚರ್ಚಿಸುತ್ತಿದ್ದೇನೆ. ನಮ್ಮ ಸಂಸ್ಥೆಯ ಸದಸ್ಯರಲ್ಲಿ ಆಹಾರ ಪದಾರ್ಥ, ಆಯುರ್ವೇದ ಔಷಧ ಮತ್ತು ವ್ಯಾಯಾಮ ಸಾಧನಗಳ ತಯಾರಕರೂ ವಿತರಕರೂ ಇದ್ದಾರೆ. ದಿನಪತ್ರಿಕೆಯ ಜಾಹೀರಾತಿಗೆ ಬದಲಾಗಿ ಇಂತಹ ತರಬೇತುದಾರರಿಗೆ ಹಣ ಕೊಟ್ಟು ಪ್ರಚಾರ ಮಾಡಿಸುವ ಪದ್ಧತಿ ಅವರಲ್ಲೂ ಬೆಳೆದಿದೆ. ಆದ್ದರಿಂದ ಹಣ ಪಡೆಯುವವರಿಗೂ ಕೊಡುವವರಿಗೂ ಈ ವಿಷಯ ಸಮಾನವಾಗಿ ಅನ್ವಯಿಸುತ್ತದೆ.

ಸಂಬಂಧವಿದೆಯೇ? ಮೊದಲು ಖಾತೆಯನ್ನು ನೋಡಿ

ಲೆಕ್ಕಪರಿಶೋಧಕರಿಗೆ 'ಸಂಬಂಧಿತ ಪಕ್ಷಗಳ ಪ್ರಕಟಣೆ' ಎಂಬ ಕಲ್ಪನೆ ಹೊಸದಲ್ಲ. ಲೆಕ್ಕಪತ್ರ ಮಾನಕ 18ರ ಪ್ರಕಾರ ಕಂಪನಿಯು ತನ್ನ ನಿರ್ದೇಶಕರ ಬಂಧುವಿನಿಂದ ಸರಕು ಕೊಂಡರೆ ಅದು ತಪ್ಪಾಗುವುದಿಲ್ಲ. ಆದರೆ ಆ ಸಂಬಂಧವನ್ನು ಷೇರುದಾರರಿಗೆ ತಿಳಿಸದಿರುವುದು ತಪ್ಪಾಗುತ್ತದೆ. ಬೆಲೆ ನ್ಯಾಯವಾಗಿದೆಯೇ ಎಂಬುದನ್ನು ಓದುವವನು ತಾನೇ ತೂಗಿ ನೋಡಲಿ ಎಂಬುದು ಅದರ ಹಿಂದಿನ ತತ್ವ. ಜಾಲತಾಣದ ಪ್ರಚಾರಕ್ಕೂ ಇದೇ ತತ್ವ ಅನ್ವಯಿಸುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ 2022ರ ಜೂನ್ 9ರಂದು ಹೊರಟ ತಪ್ಪು ದಾರಿಗೆಳೆಯುವ ಜಾಹೀರಾತುಗಳ ತಡೆ ಮಾರ್ಗಸೂಚಿಯು, ಪ್ರಚಾರಕನಿಗೂ ಉತ್ಪಾದಕನಿಗೂ ನಡುವೆ ವೀಕ್ಷಕನ ನಂಬಿಕೆಯ ಮೇಲೆ ಪರಿಣಾಮ ಬೀರಬಲ್ಲ ಸಂಬಂಧವಿದ್ದು ಅದು ವೀಕ್ಷಕನಿಗೆ ಸಹಜವಾಗಿ ತಿಳಿಯುವಂತಿಲ್ಲದಿದ್ದರೆ ಅದನ್ನು ಪೂರ್ಣವಾಗಿ ಪ್ರಕಟಿಸಬೇಕೆಂದು ವಿಧಿಸುತ್ತದೆ.

ಹಲವರು ಎಡವುವುದು ಇಲ್ಲಿಯೇ. ರೊಕ್ಕ ಕೈಗೆ ಬಂದರೆ ಮಾತ್ರ ಸಂಬಂಧ ಎಂದು ಅವರು ತಿಳಿಯುತ್ತಾರೆ. ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಜನವರಿಯಲ್ಲಿ ಪ್ರಕಟಿಸಿದ ಕೈಪಿಡಿಯ ಪ್ರಕಾರ ಉಚಿತ ಉತ್ಪನ್ನ, ರಿಯಾಯಿತಿ, ಉಡುಗೊರೆ, ಪ್ರವಾಸ, ಹೋಟೆಲ್ ವಾಸ್ತವ್ಯ, ಬಹುಮಾನ, ಉದ್ಯೋಗ ಅಥವಾ ಕುಟುಂಬದ ನಂಟು ಇವೆಲ್ಲವೂ ಸಂಬಂಧಗಳೇ. ಕೊಟ್ಟವರು ಯಾವ ಷರತ್ತೂ ಹಾಕದೆ ಕೊಟ್ಟಿದ್ದರೂ ಇದು ಬದಲಾಗುವುದಿಲ್ಲ.

ನಮ್ಮ ಕಕ್ಷಿದಾರರ ಖಾತೆಯನ್ನೇ ನೋಡೋಣ. ಪುಡಿ ತಯಾರಿಸುವ ಕಂಪನಿಯು ಒಂದು ವಿಡಿಯೋಗೆ 25,000 ರೂಪಾಯಿ ಕೊಟ್ಟಿತ್ತು. ಕೋಡ್ ಮೂಲಕ 212 ಡಬ್ಬಿಗಳು ಮಾರಾಟವಾಗಿ, ಡಬ್ಬಿಗೆ 80 ರೂಪಾಯಿಯಂತೆ 16,960 ರೂಪಾಯಿ ಕಮಿಷನ್ ಬಂದಿತ್ತು. ತಲಾ 799 ರೂಪಾಯಿ ಬೆಲೆಯ ಆರು ಡಬ್ಬಿಗಳು ಉಚಿತವಾಗಿ ಬಂದಿದ್ದವು. ಅದರ ಮೌಲ್ಯ 4,794 ರೂಪಾಯಿ. ದೀಪಾವಳಿಗೆಂದು 18,500 ರೂಪಾಯಿಯ ಒಂದು ಜ್ಯೂಸರ್ ಕೂಡ ಬಂದಿತ್ತು. ಆಕೆಯ ಮನಸ್ಸಿನಲ್ಲಿ 'ಸಂಭಾವನೆ' ಎಂದು ಉಳಿದಿದ್ದುದು ಮೊದಲನೆಯ ಮೊತ್ತ ಮಾತ್ರ. ನಿಜವಾದ ಮೊತ್ತ 65,254 ರೂಪಾಯಿ.

ವಸ್ತುರೂಪದ ಲಾಭಕ್ಕೆ ತೆರಿಗೆಯ ಮುಖವೂ ಇದೆ. 2022ರ ಜುಲೈ 1ರಿಂದ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಜಾರಿಗೆ ಬಂದ 194ಆರ್ ಕಲಂ, ವ್ಯವಹಾರದ ನಿಮಿತ್ತ ಕೊಟ್ಟ ಲಾಭ ಅಥವಾ ಸವಲತ್ತು ವರ್ಷಕ್ಕೆ 20,000 ರೂಪಾಯಿ ಮೀರಿದರೆ ಕೊಡುವವರು ಶೇಕಡಾ 10ರಂತೆ ಮೂಲದಲ್ಲೇ ತೆರಿಗೆ ಕಡಿತದ ವ್ಯವಸ್ಥೆ ಮಾಡಬೇಕೆಂದು ಹೇಳಿತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯ್ದೆಯಲ್ಲೂ ಈ ತತ್ವ ಮುಂದುವರಿದಿದೆ. ಪ್ರಚಾರಕ್ಕೆಂದು ಬಂದ ವಸ್ತುವನ್ನು ಹಿಂದಿರುಗಿಸಿದರೆ ಅದು ಲಾಭವಲ್ಲ, ಇಟ್ಟುಕೊಂಡರೆ ಲಾಭ ಎಂದು ಕೇಂದ್ರ ನೇರ ತೆರಿಗೆ ಮಂಡಳಿಯ 2022ರ 12ನೆಯ ಸುತ್ತೋಲೆ ಸ್ಪಷ್ಟಪಡಿಸಿದೆ. ಡಬ್ಬಿಗಳು ಮತ್ತು ಜ್ಯೂಸರ್ ಸೇರಿ 23,294 ರೂಪಾಯಿ ಆಗುವುದರಿಂದ ಕಂಪನಿಯು ಸುಮಾರು 2,329 ರೂಪಾಯಿ ತೆರಿಗೆಯ ಬಗ್ಗೆ ಕ್ರಮ ಕೈಗೊಳ್ಳಬೇಕಿತ್ತು, ಕೈಗೊಂಡಿರಲಿಲ್ಲ. ತೆರಿಗೆಯ ದಾಖಲೆಯಲ್ಲಿ 'ಲಾಭ' ಎಂದು ಕಾಣಿಸಿಕೊಂಡದ್ದನ್ನು ಪರದೆಯ ಮೇಲೆ 'ಏನೂ ಇಲ್ಲ' ಎಂದು ತೋರಿಸಲು ಸಾಧ್ಯವಿಲ್ಲ. ಆದ್ದರಿಂದ ನಾನು ಕಕ್ಷಿದಾರರಿಗೆ ಹೇಳುವ ಸರಳ ಸೂತ್ರವಿದು: ಖಾತೆಯಲ್ಲಿ ಬರೆಯಬೇಕಾದದ್ದನ್ನೆಲ್ಲ ಪರದೆಯ ಮೇಲೂ ಹೇಳಬೇಕು.

ಎಲ್ಲಿ, ಎಷ್ಟು ಹೊತ್ತು, ಯಾವ ಭಾಷೆಯಲ್ಲಿ?

ಆಕೆ ಏನನ್ನೂ ಮುಚ್ಚಿಟ್ಟಿರಲಿಲ್ಲವೆಂದು ವಾದಿಸಬಹುದು. ವಿಡಿಯೋದ ಕೆಳಗಿನ ಬರಹದಲ್ಲಿ, ಹದಿನಾಲ್ಕು ಹ್ಯಾಶ್‌ಟ್ಯಾಗ್‌ಗಳ ಸಾಲಿನ ಕೊನೆಯಲ್ಲಿ #ad ಎಂದಿತ್ತು. ವಿಡಿಯೋದ ಕಡೆಯ ಎರಡು ಸೆಕೆಂಡು ಮೂಲೆಯಲ್ಲಿ ಸಣ್ಣ ಅಕ್ಷರದ ಇಂಗ್ಲಿಷ್ ಸಾಲೊಂದು ಮೂಡಿ ಮರೆಯಾಗುತ್ತಿತ್ತು. ಇದು ಪ್ರಕಟಣೆ ಎನಿಸಿಕೊಳ್ಳುವುದಿಲ್ಲ.

ಭಾರತೀಯ ಜಾಹೀರಾತು ಮಾನಕ ಮಂಡಳಿಯ ಮಾರ್ಗಸೂಚಿಯು 2021ರ ಜೂನ್ 14ರಿಂದ ಜಾರಿಯಲ್ಲಿದೆ. ಅದರಂತೆ ಗುರುತುಪಟ್ಟಿಯು ಬರಹದ ಮೊದಲ ಎರಡು ಸಾಲುಗಳಲ್ಲೇ, 'ಇನ್ನಷ್ಟು ಓದಿ' ಒತ್ತದೆಯೇ ಕಾಣುವಂತಿರಬೇಕು. ಹ್ಯಾಶ್‌ಟ್ಯಾಗ್‌ಗಳ ಗುಂಪಿನಲ್ಲಿ ಹೂತಿರಕೂಡದು. ವಿಡಿಯೋ 15 ಸೆಕೆಂಡು ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಗುರುತು ಕನಿಷ್ಠ 3 ಸೆಕೆಂಡು ಕಾಣಬೇಕು. ಅದಕ್ಕಿಂತ ಉದ್ದವಾಗಿದ್ದು 2 ನಿಮಿಷಕ್ಕಿಂತ ಕಡಿಮೆಯಿದ್ದರೆ ಒಟ್ಟು ಅವಧಿಯ ಮೂರನೆಯ ಒಂದು ಭಾಗ ಕಾಣಬೇಕು. ಎರಡು ನಿಮಿಷ ಅಥವಾ ಅದಕ್ಕೂ ಹೆಚ್ಚಿದ್ದರೆ ಉತ್ಪನ್ನದ ಬಗ್ಗೆ ಮಾತನಾಡುವ ಭಾಗದುದ್ದಕ್ಕೂ ಇರಬೇಕು. ನಮ್ಮ ಕಕ್ಷಿದಾರರ ವಿಡಿಯೋ 90 ಸೆಕೆಂಡಿನದು. ಅಂದರೆ 30 ಸೆಕೆಂಡು ಬೇಕಾಗಿದ್ದಲ್ಲಿ ಇದ್ದುದು ಎರಡು ಸೆಕೆಂಡು.

ಇಲಾಖೆಯ ಕೈಪಿಡಿಯು ಮತ್ತೆರಡು ವಿಷಯಗಳನ್ನು ಸೇರಿಸುತ್ತದೆ. ವಿಡಿಯೋದಲ್ಲಿ ಪ್ರಕಟಣೆಯು ಅಕ್ಷರರೂಪದಲ್ಲಷ್ಟೇ ಅಲ್ಲದೆ ಧ್ವನಿಯಲ್ಲೂ ಇರಬೇಕು. ಪ್ರಚಾರದ ಭಾಷೆಯಲ್ಲೇ ಇರಬೇಕು. ಕನ್ನಡದಲ್ಲಿ ಮಾತನಾಡಿ ಇಂಗ್ಲಿಷಿನಲ್ಲಿ ಪ್ರಕಟಿಸುವುದು ಕನ್ನಡ ವೀಕ್ಷಕನಿಗೆ ಪ್ರಕಟಿಸದಂತೆಯೇ ಸರಿ. ಅಲ್ಲದೆ 'ಧನ್ಯವಾದಗಳು' ಎಂದು ಕಂಪನಿಯ ಹೆಸರು ಹೇಳುವುದು, 'ನಮ್ಮ ಸ್ನೇಹಿತರ ಉತ್ಪನ್ನ' ಎನ್ನುವುದು ಪ್ರಕಟಣೆಯಾಗದು. 'ಜಾಹೀರಾತು', 'ಹಣ ಪಡೆದ ಪ್ರಚಾರ', 'ಪ್ರಾಯೋಜಿತ' ಎಂಬ ಮಾತುಗಳು ಸಾಮಾನ್ಯ ಓದುಗನಿಗೂ ಅರ್ಥವಾಗುತ್ತವೆ. ಅವನ್ನೇ ಬಳಸುವುದು ಲೇಸು.

ಮತ್ತೊಂದು ತೊಂದರೆಯನ್ನು ಹಣ ಕೊಡುವ ಸದಸ್ಯರು ಗಮನಿಸಬೇಕು. ತರಬೇತುದಾರರು ಸರಿಯಾಗಿಯೇ ಪ್ರಕಟಿಸಿದ ವಿಡಿಯೋದಿಂದ ಇಪ್ಪತ್ತು ಸೆಕೆಂಡಿನ ತುಣುಕು ಕತ್ತರಿಸಿ ಕಂಪನಿಯು ತನ್ನ ಪುಟದಲ್ಲಿ ಹಾಕುತ್ತದೆ. ಕತ್ತರಿ ಆಡುವಾಗ ಮೊದಲು ಹೋಗುವುದು ಆರಂಭದ ಪ್ರಕಟಣೆಯೇ. ಆದ್ದರಿಂದ ತುಣುಕುಗಳಲ್ಲೂ ಗುರುತು ಉಳಿಯತಕ್ಕದ್ದೆಂಬ ಷರತ್ತನ್ನು ಒಪ್ಪಂದಪತ್ರದಲ್ಲೇ ಬರೆಯಬೇಕು.

ಹೇಳಿದ ಮಾತು ನಿಜವೇ?

ಸಂಬಂಧವನ್ನು ಪ್ರಕಟಿಸಿದ ಮಾತ್ರಕ್ಕೆ ಸುಳ್ಳು ನಿಜವಾಗುವುದಿಲ್ಲ. ವಿಡಿಯೋದಲ್ಲಿ ಆಕೆ ಹೇಳಿದ್ದು ಹೀಗಿತ್ತು: "ಈ ಪುಡಿಯಿಂದ ಮೂರೇ ತಿಂಗಳಲ್ಲಿ ಸಕ್ಕರೆ ಕಾಯಿಲೆ ಬುಡಸಮೇತ ಹೋಗುತ್ತದೆ. ನನ್ನ ಬಳಿ ಬಂದ ಮೂವರಿಗೆ ಹೋಗಿದೆ." ಈ ಎರಡು ವಾಕ್ಯಗಳನ್ನು ನಾವು ಲೆಕ್ಕಪರಿಶೋಧನೆಯಲ್ಲಿ ಬಿಲ್ಲುಗಳನ್ನು ಪರಿಶೀಲಿಸುವಂತೆ ಒಂದೊಂದಾಗಿ ಪರಿಶೀಲಿಸಿದೆವು.

ಮೊದಲು ಡಬ್ಬಿಯನ್ನು ತಿರುಗಿಸಿ ನೋಡಿದೆವು. ಅದರ ಮೇಲೆ ಎಫ್‌ಎಸ್‌ಎಸ್‌ಎಐ ಗುರುತು ಮತ್ತು 14 ಅಂಕಿಗಳ ಪರವಾನಗಿ ಸಂಖ್ಯೆ ಇತ್ತು. ಔಷಧೀಯ ಬಳಕೆಗಲ್ಲ ಎಂಬ ಸಾಲೂ ಇತ್ತು. ಅಂದರೆ ಕಾನೂನಿನ ದೃಷ್ಟಿಯಲ್ಲಿ ಅದು ಆಹಾರ. ಆಹಾರ ಪದಾರ್ಥವು ರೋಗವನ್ನು ತಡೆಯುತ್ತದೆ, ಶಮನಗೊಳಿಸುತ್ತದೆ ಅಥವಾ ಗುಣಪಡಿಸುತ್ತದೆ ಎಂದು ಅನುಮತಿಯಿಲ್ಲದೆ ಹೇಳುವುದನ್ನು 2018ರ ಜಾಹೀರಾತು ಮತ್ತು ಪ್ರತಿಪಾದನೆಗಳ ನಿಯಮಾವಳಿ ನಿಷೇಧಿಸಿದೆ. ಡಬ್ಬಿಯೇ ಅಲ್ಲಗಳೆಯುವ ಮಾತನ್ನು ವಿಡಿಯೋ ಹೇಳುತ್ತಿತ್ತು!

ಹಾಗಾದರೆ ಅದೇ ಪುಡಿಗೆ ಆಯುರ್ವೇದ ಔಷಧದ ಪರವಾನಗಿ ಪಡೆದಿದ್ದರೆ ಹೇಳಬಹುದಿತ್ತೇ ಎಂದು ಆಕೆ ಕೇಳಿದರು. ಆಗ 1954ರ ಔಷಧಗಳು ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಅಡ್ಡ ಬರುತ್ತದೆ. ಔಷಧವೊಂದು ಗುಣಪಡಿಸುತ್ತದೆ ಎಂದು ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿ ಅದರ ಅನುಸೂಚಿಯಲ್ಲಿದೆ. ಮಧುಮೇಹವೂ ಬೊಜ್ಜೂ ಆ ಪಟ್ಟಿಯಲ್ಲಿವೆ. ಅಂತಹ ಜಾಹೀರಾತಿನ ಪ್ರಕಟಣೆಯಲ್ಲಿ ಯಾವುದೇ ವ್ಯಕ್ತಿ ಪಾಲ್ಗೊಳ್ಳಬಾರದೆಂದು ಆ ಕಾಯ್ದೆ ಹೇಳುವುದರಿಂದ ವಿಡಿಯೋ ಮಾಡಿದವರೂ ಅದರೊಳಗೆ ಬರುತ್ತಾರೆ. ಆಹಾರವೆಂದರೆ ಒಂದು ಬಾಗಿಲು ಮುಚ್ಚಿದೆ, ಔಷಧವೆಂದರೆ ಇನ್ನೊಂದು ಮುಚ್ಚಿದೆ. ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎಂಬ ಪ್ರಚಾರಕ್ಕೆ ಯಾವ ದಾರಿಯೂ ಇಲ್ಲ.

ಅನಂತರ ಪುರಾವೆಯ ವಿಷಯ. ಕಂಪನಿಯು 'ಲ್ಯಾಬ್ ವರದಿ' ಕಳುಹಿಸಿತ್ತು. ಅದನ್ನು ಓದಿದರೆ ಅದರಲ್ಲಿದ್ದುದು ತೇವಾಂಶ, ಸೀಸದ ಪ್ರಮಾಣ, ಸೂಕ್ಷ್ಮಜೀವಿಗಳ ಎಣಿಕೆ. ಪುಡಿ ಕಲಬೆರಕೆಯಲ್ಲ ಎಂಬುದಕ್ಕೆ ಅದು ಸಾಕ್ಷಿ. ಪುಡಿ ಕೆಲಸ ಮಾಡುತ್ತದೆ ಎಂಬುದಕ್ಕಲ್ಲ. ಕೆಲವೊಮ್ಮೆ ಮೂಲಿಕೆಯೊಂದರ ಬಗೆಗಿನ ಸಂಶೋಧನಾ ಪ್ರಬಂಧವನ್ನೂ ಕಳುಹಿಸುತ್ತಾರೆ. ಆಗ ಪ್ರಮಾಣವನ್ನು ತಾಳೆ ನೋಡಬೇಕು. ಪ್ರಬಂಧದಲ್ಲಿ ದಿನಕ್ಕೆ 10 ಗ್ರಾಂ ಮೂಲಿಕೆ ಕೊಟ್ಟಿದ್ದು, ಡಬ್ಬಿಯ ಒಂದು ಚಮಚದಲ್ಲಿ ಅದು ಅರ್ಧ ಗ್ರಾಂ ಇದ್ದರೆ, ಪ್ರಬಂಧದ ಫಲ ಪಡೆಯಲು ದಿನಕ್ಕೆ 20 ಚಮಚ ತಿನ್ನಬೇಕಾಗುತ್ತದೆ. ಪ್ರಬಂಧ ನಿಜವೇ ಇರಬಹುದು. ಆದರೆ ಅದು ಈ ಡಬ್ಬಿಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕಡೆಗೆ ಆ ಮೂವರು. ಅವರ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಪರೀಕ್ಷೆಯ ಅಂಕಿ, ಇಳಿದಿದ್ದುದು ನಿಜ. ಆದರೆ ಮೂವರೂ ಆಕೆಯ ತರಬೇತಿಗೆ ಸೇರಿ ದಿನಕ್ಕೆ ಮುಕ್ಕಾಲು ಗಂಟೆ ನಡೆಯುತ್ತಿದ್ದರು, ಸಿಹಿ ಬಿಟ್ಟಿದ್ದರು. ಒಬ್ಬರಿಗೆ ವೈದ್ಯರು ಮಾತ್ರೆಯ ಪ್ರಮಾಣವನ್ನು ಹೆಚ್ಚಿಸಿದ್ದರು. ಇಷ್ಟೆಲ್ಲ ಬದಲಾವಣೆಗಳಲ್ಲಿ ಪುಡಿಯ ಪಾಲು ಎಷ್ಟೆಂದು ಬೇರ್ಪಡಿಸಲು ಬರುವುದಿಲ್ಲ. ಅದೇ ಪುಡಿ ತೆಗೆದುಕೊಂಡೂ ಅಂಕಿ ಇಳಿಯದವರು ಎಷ್ಟು ಮಂದಿ ಎಂದು ಕೇಳಿದೆ. ಆಕೆ ಎಣಿಸಿರಲಿಲ್ಲ. ಜಮೆಯನ್ನು ಮಾತ್ರ ಬರೆದು ಖರ್ಚನ್ನು ಬಿಟ್ಟ ಪುಸ್ತಕದಲ್ಲಿ ಎಲ್ಲ ವರ್ಷವೂ ಲಾಭವೇ ಕಾಣುತ್ತದೆ. ಇದಲ್ಲದೆ ಆಕೆ ಸ್ವತಃ ಆ ಪುಡಿಯನ್ನು ಬಳಸಿದ್ದುದು ಒಂಬತ್ತು ದಿನ ಮಾತ್ರ. ಪ್ರಚಾರಕನ ಮಾತು ಅವನ ಪ್ರಾಮಾಣಿಕ ಅಭಿಪ್ರಾಯವಾಗಿರಬೇಕು ಮತ್ತು ಸಾಕಷ್ಟು ಮಾಹಿತಿ ಅಥವಾ ಅನುಭವವನ್ನು ಆಧರಿಸಿರಬೇಕು ಎಂಬ 2022ರ ಮಾರ್ಗಸೂಚಿಯ ಮಾತಿಗೆ ಒಂಬತ್ತು ದಿನ ಸಾಲದು.

ಹೇಳುವವರು ಯಾರು?

ಆಕೆಯ ಪುಟದಲ್ಲಿ 'ಮಧುಮೇಹ ತಜ್ಞೆ' ಎಂದಿತ್ತು. ಅದರ ಹಿಂದೆ ಇದ್ದುದು ಎಂಟು ವಾರಗಳ ಆನ್‌ಲೈನ್ ಶಿಕ್ಷಣದ ಒಂದು ಪ್ರಮಾಣಪತ್ರ. ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಆಗಸ್ಟ್ 10ರಂದು ಆರೋಗ್ಯ ಕ್ಷೇತ್ರದ ಪ್ರಚಾರಕರಿಗಾಗಿಯೇ ಹೆಚ್ಚುವರಿ ಮಾರ್ಗಸೂಚಿ ಹೊರಡಿಸಿತು. ಮಾನ್ಯತೆ ಪಡೆದ ಸಂಸ್ಥೆಯ ಅರ್ಹತೆ ಉಳ್ಳವರು ಅದನ್ನು ತಿಳಿಸಬೇಕು. ಆರೋಗ್ಯ ತಜ್ಞರಂತೆ ತಮ್ಮನ್ನು ತೋರಿಸಿಕೊಳ್ಳುವ ಇತರರು, ತಮ್ಮ ಮಾತು ವೈದ್ಯರ ಸಲಹೆಗೆ ಬದಲಿಯಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. ಚೆನ್ನಾಗಿ ನೀರು ಕುಡಿಯಿರಿ, ವ್ಯಾಯಾಮ ಮಾಡಿ, ನಿದ್ರೆ ಮಾಡಿ ಎಂಬ ಸಾಮಾನ್ಯ ಹಿತವಚನಗಳಿಗೆ ಇದು ಅನ್ವಯಿಸುವುದಿಲ್ಲ. ಆದರೆ ಅದೇ ಹಿತವಚನವನ್ನು ನಿರ್ದಿಷ್ಟ ಉತ್ಪನ್ನಕ್ಕೋ ನಿರ್ದಿಷ್ಟ ಕಾಯಿಲೆಗೋ ಜೋಡಿಸಿದ ಕ್ಷಣ ವಿನಾಯಿತಿ ತಪ್ಪುತ್ತದೆ. ಆಕೆ ಕಲಿತದ್ದು ಎಂಟು ವಾರವೇ ಆದರೂ ಅದರಲ್ಲಿ ನಾಚಿಕೆಯೇನಿಲ್ಲ. 'ಯೋಗ ಮತ್ತು ಆಹಾರ ಕ್ರಮದ ತರಬೇತುದಾರರು, ವೈದ್ಯರಲ್ಲ' ಎಂದು ಬದಲಿಸಿಕೊಂಡರು.

ತಪ್ಪಿದರೆ ಏನು?

2019ರ ಕಾಯ್ದೆಯ 21ನೆಯ ಕಲಮಿನಂತೆ ಸುಳ್ಳು ಅಥವಾ ತಪ್ಪು ದಾರಿಗೆಳೆಯುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಉತ್ಪಾದಕರ ಮೇಲೂ ಪ್ರಚಾರಕರ ಮೇಲೂ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಪ್ರಚಾರಕರನ್ನು ಒಂದು ವರ್ಷದವರೆಗೆ, ಮತ್ತೆ ತಪ್ಪಿದರೆ ಮೂರು ವರ್ಷದವರೆಗೆ ಪ್ರಚಾರ ಕಾರ್ಯದಿಂದಲೇ ನಿಷೇಧಿಸಬಹುದು. ಪ್ರಚಾರವೇ ಜೀವನೋಪಾಯವಾದವರಿಗೆ ದಂಡಕ್ಕಿಂತ ಈ ನಿಷೇಧ ಹೆಚ್ಚು ಭಾರ.

ಆದರೆ ಅದೇ ಕಲಂ ಒಂದು ರಕ್ಷಣೆಯನ್ನೂ ಕೊಟ್ಟಿದೆ. ಮಾತಿನ ಸತ್ಯಾಸತ್ಯತೆಯನ್ನು ತಕ್ಕ ಶ್ರದ್ಧೆಯಿಂದ ಪರಿಶೀಲಿಸಿದ ಪ್ರಚಾರಕರು ದಂಡಕ್ಕೆ ಗುರಿಯಾಗುವುದಿಲ್ಲ. 'ಕಂಪನಿಯವರು ಹೇಳಿದರು' ಎಂಬುದು ಪರಿಶೀಲನೆಯಲ್ಲ. ನಮ್ಮ ವೃತ್ತಿಯಲ್ಲಿ ಕಾರ್ಯಪತ್ರವಿಲ್ಲದ ಪರಿಶೀಲನೆಯನ್ನು ನಡೆಯದ ಪರಿಶೀಲನೆ ಎಂದೇ ಭಾವಿಸುತ್ತೇವೆ. ಆದ್ದರಿಂದ ಪ್ರತಿಯೊಂದು ಪ್ರಚಾರಕ್ಕೂ ಒಂದು ಕಡತ ಇರಲಿ. ಅದರಲ್ಲಿ ಒಪ್ಪಂದಪತ್ರ, ಡಬ್ಬಿಯ ಎಲ್ಲ ಮುಖಗಳ ಛಾಯಾಚಿತ್ರ, ಕಂಪನಿಯನ್ನು ಲಿಖಿತವಾಗಿ ಕೇಳಿದ ಪ್ರಶ್ನೆಗಳು ಮತ್ತು ಬಂದ ಉತ್ತರಗಳು, ಪ್ರಕಟಿಸಿದ ದಿನದ ವಿಡಿಯೋದ ಪ್ರತಿ ಇವಿಷ್ಟು ಇರಬೇಕು. ಪ್ರಶ್ನೆಗೆ ಉತ್ತರವೇ ಬಾರದಿದ್ದರೆ ಅದೂ ಒಂದು ಉತ್ತರ. ಆ ವಾಕ್ಯವನ್ನು ಹೇಳಬಾರದು ಎಂಬುದು ಅದರ ಅರ್ಥ.

ತಿದ್ದಿದ ವಿಡಿಯೋ

ಆಕೆ ಹಳೆಯ ವಿಡಿಯೋವನ್ನು ತೆಗೆದುಹಾಕಿದರು. ಸುಮ್ಮನೆ ತೆಗೆದರೆ ಈಗಾಗಲೇ ನಂಬಿದವರಿಗೆ ವಿಷಯ ತಿಳಿಯುವುದಿಲ್ಲವಾದ್ದರಿಂದ, ಹಿಂದೆ ಹೇಳಿದ್ದು ತಪ್ಪೆಂದೂ ಯಾರೂ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದೆಂದೂ ಒಂದು ಪ್ರತ್ಯೇಕ ವಿಡಿಯೋ ಮಾಡಿದರು. ಸಂದೇಶ ಬರೆದ ಮಗಳಿಗೆ ದೂರವಾಣಿ ಮಾಡಿ ಮಾತನಾಡಿದರು. ತಂದೆ ಚೇತರಿಸಿಕೊಂಡು ಮನೆಗೆ ಬಂದಿದ್ದರು.

ಹೊಸ ವಿಡಿಯೋದ ಮೊದಲ ಮಾತು ಹೀಗಿತ್ತು: "ಇದು ಜಾಹೀರಾತು. ಈ ಪುಡಿಯ ಕಂಪನಿಯಿಂದ ನಾನು ಹಣ ಪಡೆದಿದ್ದೇನೆ. ನನ್ನ ಕೋಡ್ ಬಳಸಿ ಕೊಂಡರೆ ನನಗೆ ಕಮಿಷನ್ ಸಿಗುತ್ತದೆ. ನಾನು ವೈದ್ಯಳಲ್ಲ. ಇದು ನಾರಿನಂಶವಿರುವ ಒಂದು ಆಹಾರ. ಯಾವ ಕಾಯಿಲೆಗೂ ಔಷಧವಲ್ಲ. ನನಗೆ ಇದರ ರುಚಿ ಹಿಡಿಸಿದೆ, ಬೆಳಗ್ಗೆ ಮಜ್ಜಿಗೆಯಲ್ಲಿ ಕಲಸಿಕೊಳ್ಳುತ್ತೇನೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಮೊದಲು ನಿಮ್ಮ ವೈದ್ಯರನ್ನು ಕೇಳಿ." 'ಜಾಹೀರಾತು' ಎಂಬ ಪದ ವಿಡಿಯೋ ಮುಗಿಯುವವರೆಗೂ ಪರದೆಯ ಮೇಲಿತ್ತು.

ಮಾರಾಟ ಇಳಿಯಿತೇ ಎಂದು ಸದಸ್ಯರು ಕೇಳಬಹುದು. ಇಳಿಯಿತು, ಮರುತಿಂಗಳು ಕೋಡ್ ಮೂಲಕ ಹೋದದ್ದು 31 ಡಬ್ಬಿಗಳು ಮಾತ್ರ. ಹಿಂದಿನ 212 ಡಬ್ಬಿಗಳಲ್ಲಿ ಎಷ್ಟು ಪುಡಿಗಾಗಿ ಮಾರಾಟವಾದವು, ಎಷ್ಟು ಸುಳ್ಳಿಗಾಗಿ ಮಾರಾಟವಾದವು ಎಂಬುದರ ಅಂದಾಜು ಈ ಅಂಕಿಯಿಂದ ಸಿಗುತ್ತದೆ. ಕಂಪನಿಯು ಒಪ್ಪಂದವನ್ನು ಮುಂದುವರಿಸಲಿಲ್ಲ. ಆಕೆಯ ಆದಾಯದಲ್ಲಿ ಆ ಒಂದು ಬಾಬು ಕಡಿಮೆಯಾಯಿತು. ತರಬೇತಿಯ ಶುಲ್ಕದ ಬಾಬು ಮೊದಲಿನಂತೆಯೇ ಇದೆ. ಈ ವರ್ಷದ ಲೆಕ್ಕಪತ್ರಗಳೊಡನೆ ಆಕೆ ಪ್ರತಿಯೊಂದು ಪ್ರಚಾರದ ಕಡತವನ್ನೂ ತಂದುಕೊಟ್ಟರು. ಅವು ಮೂರೇ ಇದ್ದವು.